ಹತ್ತಕ್ಕೆ ಎಂಟು, ಆದರೆ ಯಾವುದಕ್ಕೆ?

ನಮ್ಮ ಓದುಗರಲ್ಲಿ ಸಂದರ್ಶನ ಮಂಡಳಿಗಳಲ್ಲಿ ಕೂರುವವರೂ ಇದ್ದಾರೆ, ಅವುಗಳೆದುರು ಕೂರುವ ಮಕ್ಕಳ ತಂದೆತಾಯಿಯರೂ ಇದ್ದಾರೆ. ಈ ಮಾತು ಇಬ್ಬರಿಗೂ.

ಪುಣೆಯ ಒಂದು ಕಂಪನಿಯಲ್ಲಿ ಕಿರಿಯ ಸಾಫ್ಟ್‌ವೇರ್ ಟೆಸ್ಟರುಗಳನ್ನು ಆರಿಸಲು ನಾವು ಕುಳಿತಿದ್ದೆವು. ಕೈಗಿತ್ತ ಅಂಕಪಟ್ಟಿಯಲ್ಲಿ ನಾಲ್ಕು ಕಲಮುಗಳು: ಸಂಭಾಷಣೆ, ಆತ್ಮವಿಶ್ವಾಸ, ವ್ಯಕ್ತಿತ್ವ, ತಾಂತ್ರಿಕ ಜ್ಞಾನ. ಪ್ರತಿಯೊಂದಕ್ಕೂ 10 ಅಂಕ. ಮೊದಲ ಮೂರೂ ತೂಗುವುದು ಒಂದೇ ವಸ್ತುವನ್ನು, ಅದು ಇಂಗ್ಲಿಷಿನ ಓಘ. ಮೂರು ಸಲ ತೂಗಿದರೆ ತೂಕ ಮೂರು ಪಟ್ಟು ಬರದೆ ಏನಾದೀತು?

ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆವು: ಅರ್ಜಿಯ ವಯಸ್ಸಿನ ಜಾಗದಲ್ಲಿ 18ರಿಂದ 60ರವರೆಗೆ, ಎರಡೂ ಸೇರಿ, ಸ್ವೀಕರಿಸಬೇಕು; ಹೇಗೆ ಪರೀಕ್ಷಿಸುವಿರಿ? ಒಬ್ಬ ತರುಣ ಸೊಗಸಾದ ಇಂಗ್ಲಿಷಿನಲ್ಲಿ 25, 30, 45 ಎಂದ. ಕಲಬುರಗಿ ಕಡೆಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿದ್ದ ಹುಡುಗಿ ತಡವರಿಸುತ್ತ 17, 18, 60, 61, ಆಮೇಲೆ ಖಾಲಿ ಬಿಡುವುದು, ಅಕ್ಷರ ಬರೆಯುವುದು ಎಂದಳು. ಪ್ರೋಗ್ರಾಮು ಬರೆದವರು `age >= 18` ಎನ್ನುವಲ್ಲಿ `age > 18` ಎಂದು ಬರೆದುಬಿಡುವುದು ತೀರಾ ಸಾಮಾನ್ಯ. ಆಗ ತಪ್ಪು ಸಿಗುವುದು 18 ಹಾಕಿದವರಿಗೆ ಮಾತ್ರ. 25 ಹಾಕಿದವರಿಗೆ ಎಲ್ಲವೂ ಸರಿಯೆಂದೇ ತೋರುತ್ತದೆ. ಆದರೂ ತರುಣನಿಗೆ 8, 8, 8, 4, ಒಟ್ಟು 28. ಹುಡುಗಿಗೆ 4, 4, 5, 9, ಒಟ್ಟು 22. ಕೆಲಸ ಬಲ್ಲವಳು ಮನೆಗೆ ಹೋದಳು. ಸಹಿ ಹಾಕಿದವರಲ್ಲಿ ನಾವೂ ಒಬ್ಬರು.

ಟೆಸ್ಟರಿಗೆ ಭಾಷೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಆದರೆ ಬೇಕಾದುದು ದೋಷದ ವರದಿ ಬರೆಯುವ ಭಾಷೆ. ಹಾಗಾದರೆ ಅದನ್ನೇ ಬರೆಯಿಸಿ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂದು ಐದಾರು ಸಾಲು. ಅದನ್ನು ಓದಿ ಇನ್ನೊಬ್ಬನು ಅದೇ ತಪ್ಪನ್ನು ಮತ್ತೆ ಕಂಡನೆಂದರೆ ಪೂರ್ಣ ಅಂಕ, ವ್ಯಾಕರಣ ಎಡವಿದ್ದರೂ ಸರಿಯೆ.

ನಮ್ಮ ಪಟ್ಟಿಯಲ್ಲಿ ಎರಡೇ ಕಲಮು: ಪರೀಕ್ಷೆಗಳ ಆಯ್ಕೆ ಮತ್ತು ವರದಿ, ತಲಾ 3 ಅಂಕ. ಯಾವ ಉತ್ತರಕ್ಕೆ ಎಷ್ಟೆಂದು ಮೊದಲೇ ಬರೆದಿಡಬೇಕು. ನಡುವಿನ ಅಂಕೆಗಳಷ್ಟೇ ಹೇಳಿದರೆ 1. ಅಂಚಿನ ಅಂಕೆಗಳನ್ನೂ ಸೇರಿಸಿದರೆ 2. ಖಾಲಿ, ಅಕ್ಷರ ಮುಂತಾದುವನ್ನೂ ಹೇಳಿ ಕಾರಣ ಕೊಟ್ಟರೆ 3. ಕಾರಣ ಕೇಳಲೇಬೇಕು, ಏಕೆಂದರೆ ಕೋಚಿಂಗ್ ತರಗತಿಯಲ್ಲಿ ಈ ಅಂಕೆಗಳನ್ನು ಉರುಹೊಡೆದು ಬರುವವರೂ ಉಂಟು. ಮಂಡಳಿಯವರು ಪರಸ್ಪರ ಮಾತಾಡುವ ಮೊದಲೇ ಬೇರೆಬೇರೆಯಾಗಿ ಅಂಕ ಬರೆಯಲಿ. ಹಿರಿಯರು ಬಾಯಿಬಿಟ್ಟ ಮೇಲೆ ಕಿರಿಯರ ಪೆನ್ನು ಅತ್ತಲೇ ವಾಲುತ್ತದೆ. ಒಂದೇ ಉತ್ತರಕ್ಕೆ ಒಬ್ಬರು 1, ಇನ್ನೊಬ್ಬರು 3 ಕೊಟ್ಟರೆ ದೋಷ ಅಭ್ಯರ್ಥಿಯದಲ್ಲ, ಪಟ್ಟಿಯದು.

ನಮ್ಮವರೆಂದು ಅರ್ಧ ಅಂಕವನ್ನೂ ಹೆಚ್ಚಿಗೆ ಕೇಳುತ್ತಿಲ್ಲ. ಆ ತರುಣ 18 ಎಂದಿದ್ದರೆ ಅವನಿಗೂ 2 ಸಿಗುತ್ತಿತ್ತು.