ಸಾಹೇಬರ ಮರೆವಿಗೆ ಆಳು, ನನ್ನ ಮರೆವಿಗೆ ಬೈಗುಳ

ನಮ್ಮ ಆಡಿಟರ್ ಸಾಹೇಬರಿಗೆ ಕನ್ನಡಕ ಎಲ್ಲಿಟ್ಟೆ ಎಂಬುದು ನೆನಪಿರುವುದಿಲ್ಲ. ಹುಡುಕಿಕೊಡುವುದಕ್ಕೆ ಅಟೆಂಡರ್ ಇದ್ದಾನೆ. ಯಾವ ಪಾರ್ಟಿಗೆ ಎಷ್ಟು ಗಂಟೆಗೆ ಬರಲು ಹೇಳಿದ್ದೆ ಎಂಬುದೂ ನೆನಪಿರುವುದಿಲ್ಲ. ಡೈರಿ ನೋಡಿ ಬೆಳಿಗ್ಗೆ ಓದಿ ಹೇಳುವುದಕ್ಕೆ ಹುಡುಗನಿದ್ದಾನೆ. ರಿಟರ್ನ್ ಕಟ್ಟುವ ಕಡೇ ದಿನವನ್ನು ಸೀನಿಯರ್ ಅಸಿಸ್ಟೆಂಟ್ ನೆನಪಿಸುತ್ತಾರೆ. ಮಾತ್ರೆ ನುಂಗುವುದನ್ನು ಮನೆಯಿಂದ ಅಮ್ಮಾವ್ರು ಫೋನ್ ಮಾಡಿ ನೆನಪಿಸುತ್ತಾರೆ. ಒಬ್ಬ ಗಂಡಸಿನ ಮರೆವನ್ನು ನಾಲ್ಕು ಜನ ಹೊತ್ತು ತಿರುಗುತ್ತಾರೆ. ದೊಡ್ಡವರು, ತಲೆ ತುಂಬ ಕೆಲಸ ಎನ್ನುತ್ತದೆ ಲೋಕ.

ನಾನು ಬಿಲ್ ನಂಬರಿನ ಎರಡು ಅಂಕಿ ಹಿಂದುಮುಂದು ಮಾಡಿದರೆ ಅದೇ ಲೋಕ ನನ್ನ ಹುಟ್ಟನ್ನೇ ಎಳೆಯುತ್ತದೆ.

ಹೇಳುತ್ತೇನೆ ಕೇಳಿ. ಒಂದು ಹಾರ್ಡ್‌ವೇರ್ ಅಂಗಡಿಯ ಖರೀದಿ ಬಿಲ್ಲುಗಳನ್ನು ಟ್ಯಾಲಿಗೆ ಹತ್ತಿಸುತ್ತಿದ್ದೆ. 1078 ಎಂಬ ಬಿಲ್ಲು 1087 ಆಗಿ ಕೂತಿತು. ಮುಂದಿನ ತಿಂಗಳ 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬಂತು. ಮಾರಿದವನು ಅಲ್ಲಿ 1078 ಎಂದೇ ಹಾಕಿದ್ದ. ನಮ್ಮ ಪುಸ್ತಕಕ್ಕೂ ಅದಕ್ಕೂ ತಾಳೆ ಬೀಳಲಿಲ್ಲ. 20ರೊಳಗೆ 3ಬಿ ಕಟ್ಟಬೇಕು, ಪಾರ್ಟಿಯ ತೆರಿಗೆ ಕ್ರೆಡಿಟ್ ನೇತಾಡುತ್ತಿದೆ. ಸಾಹೇಬರು ಪಾರ್ಟಿಯ ಎದುರಿಗೇ ನನ್ನನ್ನು ನಿಲ್ಲಿಸಿದರು. "ಏನಮ್ಮಾ, ತಲೆ ಎಲ್ಲಿಟ್ಟಿರ್ತೀಯ? ನಿಮ್ಮೋರಿಗೆ ಸೀಟು ಪುಕ್ಕಟೆ, ಹಾಸ್ಟೆಲ್ ಪುಕ್ಕಟೆ. ಕೆಲ್ಸದ ಬೆಲೆ ಎಲ್ಲಿಂದ ಗೊತ್ತಾಗ್ಬೇಕು?"

ಅದೇ ವಾರ ಅವರ ಭಾಮೈದನ ಮಗ ಹೊರರಾಜ್ಯದ ಬಿಲ್ಲುಗಳ ತೆರಿಗೆಯನ್ನು ತಪ್ಪು ಕಾಲಮಿಗೆ ತುಂಬಿದ್ದ. "ಹುಡುಗ, ಕಲೀತಾನೆ ಬಿಡಿ" ಅಂದರು.

ಒಂದೇ ಆಫೀಸು, ಒಂದೇ ವಾರ. ಅವನ ತಪ್ಪು ಅವನ ವಯಸ್ಸಿನದು, ನನ್ನ ತಪ್ಪು ನನ್ನ ಜಾತಿಯದು.

ನನಗಿರುವುದು ಎಡಿಎಚ್‌ಡಿ. ಮೂವತ್ತು ದಾಟಿದ ಮೇಲೆ ಗೊತ್ತಾಯಿತು. ಮನೋವೈದ್ಯೆ ನನ್ನ ಬಾಲ್ಯವನ್ನು ಕೆದಕಿದರು, ಅವ್ವನನ್ನು ಕೂರಿಸಿಕೊಂಡು ಕೇಳಿದರು. ಯಾಕೆಂದರೆ 12 ವರ್ಷಕ್ಕೆ ಮೊದಲೇ ಲಕ್ಷಣ ಕಂಡಿರಬೇಕು, ದೊಡ್ಡವಳಾದ ಮೇಲೆ ಹೊಸದಾಗಿ ಅಂಟುವ ಕಾಯಿಲೆಯಲ್ಲ ಇದು. ಅವ್ವ ಹೇಳಿದಳು: ಎಣ್ಣೆಗೆ ಕಳಿಸಿದರೆ ಉಪ್ಪು ತರುತ್ತಿತ್ತು, ಮೇಷ್ಟ್ರ ಹತ್ತಿರ ಹೊಡೆತ ತಿಂದು ಬರುತ್ತಿತ್ತು. ಮೇಷ್ಟ್ರಿಗೆ ಬೆತ್ತವಿತ್ತು, ಸಾಹೇಬರಿಗೆ ನಾಲಿಗೆಯಿದೆ. ಬೆಂಚು ಹತ್ತಿ ಗಲಾಟೆ ಮಾಡುವ ಗಂಡುಹುಡುಗರನ್ನಾದರೂ ಯಾರೋ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಕಿಟಕಿ ನೋಡುತ್ತ ಸುಮ್ಮನೆ ಕಳೆದುಹೋಗುವ ಹುಡುಗಿಯನ್ನು ದಡ್ಡಿ ಅಂದು ಹಿಂದಿನ ಬೆಂಚಿಗೆ ಕಳಿಸುತ್ತಾರೆ.

ಸಾಹೇಬರಿಗೆ ಇದನ್ನು ಹೇಳಬೇಕೆಂದು ನಿರ್ಧರಿಸಿದಾಗ ರೋಗದ ಹೆಸರಿನಿಂದ ಶುರು ಮಾಡಲಿಲ್ಲ. ಹೆಸರು ಹೇಳಿದರೆ ನಾಳೆಯೇ ನನ್ನ ಜಾಗಕ್ಕೆ ಇನ್ನೊಬ್ಬರು. ನನ್ನ ತಪ್ಪುಗಳನ್ನೇ ಸಾಕ್ಷಿಗೆ ಕರೆದೆ. ಒಂದು ತಿಂಗಳಲ್ಲಿ ಸಿಕ್ಕಿಬಿದ್ದ ತಪ್ಪುಗಳನ್ನೆಲ್ಲ ಹಾಳೆಯ ಮೇಲೆ ಇಳಿಸಿದೆ. ಎದುರಿಗೆ ಅದನ್ನು ಟೈಪ್ ಮಾಡಿದ ಹೊತ್ತು, ಆಗ ಪಕ್ಕದಲ್ಲಿ ಏನು ನಡೆಯುತ್ತಿತ್ತು ಎಂಬುದು. ಬಹುಪಾಲು ತಪ್ಪುಗಳು ಒಂದೇ ಕಡೆ ಗುಂಪುಗಟ್ಟಿದ್ದವು: ಯಾರೋ ಕರೆದು, ಎದ್ದು ಹೋಗಿ, ತಿರುಗಿ ಬಂದು ಕೂತ ತಕ್ಷಣದ ಬಿಲ್ಲಿನಲ್ಲಿ. ಕಷ್ಟದ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಮೈಗಳ್ಳರ ತಪ್ಪು ಹೀಗೆ ಹೊತ್ತು ನೋಡಿಕೊಂಡು ಬರುವುದಿಲ್ಲ.

ಕಾರಣ ಇಷ್ಟೇ. ಬಿಲ್ಲು ನೋಡಿ ಕೀಬೋರ್ಡಿಗೆ ಬೆರಳು ಹೋಗುವಷ್ಟರಲ್ಲಿ ಆ ನಂಬರನ್ನು ತಲೆ ಹಿಡಿದಿಟ್ಟುಕೊಳ್ಳಬೇಕು. ನನ್ನ ತಲೆಯಲ್ಲಿ ಆ ಹಿಡಿತ ಸಡಿಲ. "ಏ, ಆ ಫೈಲ್ ಕೊಡಮ್ಮಾ" ಎಂಬ ಒಂದು ಕೂಗಿಗೆ ನಂಬರು ಜಾರುತ್ತದೆ. ಜಾರಿತೆಂದು ಗೊತ್ತಾದರೆ ಮತ್ತೆ ನೋಡಿಕೊಂಡೇನು. ಗೊತ್ತೇ ಆಗುವುದಿಲ್ಲ. ಉಳಿದ ತುಣುಕುಗಳನ್ನು ಹೊಂದಿಸಿ ತಲೆ ಒಂದು ನಂಬರು ಕಟ್ಟಿಕೊಡುತ್ತದೆ, ಬೆರಳು ಅದನ್ನು ನಂಬುತ್ತದೆ. "ಇನ್ನೊಂದ್ಸಲ ನೋಡೋಕೇನು ದಾಡಿ?" ಅನ್ನುತ್ತಾರೆ. ಆಗಷ್ಟೇ ಹೊಡೆದದ್ದನ್ನು ಆಗಲೇ ನೋಡಿದರೆ ಕಣ್ಣಿಗೆ ಕಾಣುವುದು ನಾನು ಹೊಡೆದೆ ಅಂದುಕೊಂಡದ್ದೇ.

ಇದೇ ತಲೆ ಇನ್ನೊಂದು ಕೆಲಸವನ್ನೂ ಮಾಡಿದೆ. ಒಂದು ಪಾರ್ಟಿಯ ಪುಸ್ತಕದಲ್ಲಿ 0456 ಮತ್ತು 456 ಎಂದು ಒಂದೇ ಬಿಲ್ಲು ಎರಡು ಸಲ ಕೂತು ಕ್ರೆಡಿಟ್ ದುಪ್ಪಟ್ಟಾಗಿತ್ತು. ಎಲ್ಲರ ಕಣ್ಣು ತಪ್ಪಿಸಿಕೊಂಡಿದ್ದ ಅದನ್ನು ಊಟ ಮರೆತು ಕೂತು ಹಿಡಿದವಳು ನಾನು. ಗಮನವಿಲ್ಲದ ತಲೆಯಲ್ಲ ಇದು. ಗಮನವನ್ನು ಕರೆದ ಕಡೆಗೆ ತಿರುಗಿಸಲಾಗದ ತಲೆ. ಆ ದಿನ ಸಾಹೇಬರು ಪಾರ್ಟಿಗೆ ಫೋನ್ ಮಾಡಿ "ನಮ್ಮ ಆಫೀಸಲ್ಲಿ ಹಿಡಿದ್ವಿ" ಅಂದರು.

ಗೆದ್ದಾಗ "ನಾವು". ಸೋತಾಗ "ನಿಮ್ಮೋರು".

ಹಾಳೆ ಹಿಡಿದು ಒಳಗೆ ಹೋದೆ. ಕೂರಲು ಹೇಳಲಿಲ್ಲ, ನಿಂತೇ ಹೇಳಿದೆ. "ಸಾರ್, ಬೆಳಿಗ್ಗೆ ಎರಡು ಗಂಟೆ ಕಾಲ ನನ್ನನ್ನ ಸೀಟಿಂದ ಎಬ್ಬಿಸಬ್ಯಾಡ್ರಿ, ಎಂಟ್ರಿ ಅಷ್ಟೂ ಆಗ ಮುಗಿಸ್ತೀನಿ. ಓಡಾಡ್ತಾ ಹೇಳೋ ಕೆಲಸಾನ ಒಂದು ಸಾಲು ಮೆಸೇಜ್ ಹಾಕ್ರಿ. ಬಿಲ್ಲುಗಳನ್ನ ಇಪ್ಪತ್ತೈದರ ಕಟ್ಟು ಮಾಡ್ಕೊಂತೀನಿ. ಕ್ಯಾಲ್ಕುಲೇಟರ್ ಮೊತ್ತಕ್ಕೂ ಟ್ಯಾಲಿ ಮೊತ್ತಕ್ಕೂ ತಾಳೆ ಆಗದೆ ಮುಂದಿನ ಕಟ್ಟು ಮುಟ್ಟಲ್ಲ."

ಈ ತಾಳೆಯಲ್ಲಿ ಹಳೆಯ ಗುಮಾಸ್ತರ ಒಂದು ಉಪಾಯವಿದೆ. 4,590 ಎಂಬುದು 4,950 ಆಗಿದ್ದರೆ ವ್ಯತ್ಯಾಸ 360. ಪಕ್ಕಪಕ್ಕದ ಅಂಕಿ ಅದಲುಬದಲಾದಾಗ ವ್ಯತ್ಯಾಸ ಯಾವತ್ತೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ವ್ಯತ್ಯಾಸ ಹಾಗೆ ಭಾಗವಾದರೆ ಮೊದಲು ಅಂಥ ಬಿಲ್ಲನ್ನೇ ಹುಡುಕುತ್ತೇನೆ. ಆದರೆ ಮೊತ್ತ ಸರಿಯಿದ್ದು ಬಿಲ್ ನಂಬರು ತಪ್ಪಿದ್ದರೆ ಈ ತಾಳೆಗೆ ಸಿಗುವುದಿಲ್ಲ, 1087 ಸಿಗದೆ ಹೋದದ್ದು ಹಾಗೆಯೇ. ಅದಕ್ಕೆ ಮಾರನೇ ದಿನ ತಣ್ಣನೆಯ ಕಣ್ಣಲ್ಲಿ, ಇನ್ನೊಬ್ಬರು ಬಿಲ್ಲು ಓದುತ್ತಿದ್ದರೆ ನಾನು ಪರದೆ ನೋಡಬೇಕು. ಅದಕ್ಕೊಬ್ಬರನ್ನು ಕೊಡಿ ಎಂದು ಕೇಳಿದೆ.

"ನಿನಗೊಬ್ಳಿಗೇ ಸ್ಪೆಷಲ್ ರೂಲ್ ಮಾಡ್ಲಾ?" ಅಂದರು.

ಹದಿನೈದು ಅಕ್ಷರದ ಜಿಎಸ್‌ಟಿ ನೋಂದಣಿ ಸಂಖ್ಯೆಯನ್ನು ದಿನಾ ನೋಡುತ್ತೀರಲ್ಲ ಸಾರ್. ಅದರ ಕೊನೆಯ ಅಕ್ಷರ ಇರುವುದೇ ಕಾವಲಿಗೆ, ಮೊದಲ ಹದಿನಾಲ್ಕರಲ್ಲಿ ತಪ್ಪು ನುಸುಳಿದರೆ ಹಿಡಿಯಲು. ಮನುಷ್ಯರ ಕೈ ತಪ್ಪುತ್ತದೆಂದು ಸರ್ಕಾರವೇ ಒಪ್ಪಿ ನಂಬರಿಗೊಂದು ಕಾವಲು ಕೊಟ್ಟಿದೆ. ತೆರಿಗೆಗೆ ಸಿಕ್ಕ ಈ ತಿಳಿವಳಿಕೆ ತೆರಿಗೆ ಲೆಕ್ಕ ಬರೆಯುವ ಹೆಣ್ಣಿಗೆ ಯಾಕೆ ಸಿಗಬಾರದು?

ಕಾನೂನಿನ ಬಾಗಿಲನ್ನೂ ತಟ್ಟಿ ನೋಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಆಟಿಸಂ ಇದೆ, ಕಲಿಕೆಯ ತೊಡಕಿದೆ. ನನ್ನದರ ಹೆಸರು ಅಲ್ಲಿಲ್ಲ. ಪಟ್ಟಿಯಲ್ಲಿರುವವರಿಗೆ ಆ ಕಾಯ್ದೆ ಕೆಲಸದ ಜಾಗದಲ್ಲಿ ಸೂಕ್ತ ಹೊಂದಾಣಿಕೆ ಎಂಬ ಮಾತನ್ನಾದರೂ ಕೊಟ್ಟಿದೆ. ನನ್ನ ಕೈಯಲ್ಲಿ ತೋರಿಸಲು ಸರ್ಟಿಫಿಕೇಟೂ ಇಲ್ಲ. ಹಾಗಾಗಿ ನಾನು ಕೇಳಿದ್ದೆಲ್ಲ ಬೇಡಿಕೊಂಡಂತೆ ಕೇಳಿಸುತ್ತದೆ, ಅವರು ಕೊಟ್ಟಿದ್ದೆಲ್ಲ ಭಿಕ್ಷೆಯಂತೆ ಕಾಣುತ್ತದೆ.

ಆದರೆ ನಾನು ಬೇಡುತ್ತಿಲ್ಲ. ನಾಲ್ಕು ಜನರ ನೆನಪನ್ನು ಸಂಬಳ ಕೊಟ್ಟು, ಕೊಡದೆ ಬಳಸಿಕೊಳ್ಳುವ ಮನುಷ್ಯನ ಎದುರು ನಿಂತು, ಒಂದು ಸಾಲು ಬರೆದು ಕಳಿಸಿ ಎನ್ನುತ್ತಿದ್ದೇನೆ. ಕೈಕೆಳಗೆ ನನ್ನಂಥವರನ್ನು ಇಟ್ಟುಕೊಂಡಿರುವ ಸಾಹೇಬರುಗಳೇ, ನಾಳೆ ಬೈಯುವ ಮೊದಲು ಆ ತಪ್ಪಿನ ಪಕ್ಕ ಗಂಟೆ ಬರೆಯಿರಿ. ಆ ಗಂಟೆಯಲ್ಲಿ ಅವಳನ್ನು ಎಬ್ಬಿಸಿದ್ದು ಯಾರು ಎಂಬುದನ್ನೂ ಬರೆಯಿರಿ. ನಿಮ್ಮದೇ ಹೆಸರು ಬಂದರೆ, ಅದನ್ನೂ ಪಾರ್ಟಿಯ ಎದುರಿಗೇ ಗಟ್ಟಿಯಾಗಿ ಓದಿ.