ಒಂದು ಹಾಳೆಯ ಕೇರಂ ನಿಯಮ

ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ಪ್ರತಿ ವರ್ಷವೂ ಕೇರಂ ಸ್ಪರ್ಧೆ ನಡೆಯುತ್ತದೆ. ಪ್ರತಿ ವರ್ಷವೂ ಕಾರ್ಯಕರ್ತರ ಸಭೆಯಲ್ಲಿ ನಾನು ಒಂದೇ ಮಾತನ್ನು ಹೇಳುತ್ತೇನೆ: ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿ ಬೋರ್ಡಿನ ಪಕ್ಕದಲ್ಲಿ ಇಡೋಣ. ಅದಕ್ಕೆ ಬರುವ ಉತ್ತರಗಳೂ ಪ್ರತಿ ವರ್ಷ ಅವೇ ಮೂರು. 'ಕೇರಂ ಯಾರಿಗೆ ಗೊತ್ತಿಲ್ಲ ಮೇಷ್ಟ್ರೇ?' ಎಂಬುದು ಮೊದಲನೆಯದು. 'ಅಂಪೈರ್ ಹೇಳಿದ್ದೇ ನಿಯಮ' ಎಂಬುದು ಎರಡನೆಯದು. 'ಬೇಕಾದರೆ ಫೆಡರೇಷನ್ನಿನ ಪುಸ್ತಕವನ್ನೇ ತಂದಿಡೋಣ' ಎಂಬುದು ಮೂರನೆಯದು. ಈ ಮೂರೂ ತಪ್ಪು ಎಂಬುದು ನನ್ನ ವಾದ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಮ್ಮ ತಮ್ಮ ಬಡಾವಣೆಗಳಲ್ಲಿ, ಕಛೇರಿಗಳಲ್ಲಿ ಇಂಥ ಸ್ಪರ್ಧೆಗಳ ಹೊಣೆ ಹೊತ್ತವರಾದ್ದರಿಂದ ಆ ವಾದವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲನೆಯ ಮಾತನ್ನು ನೋಡೋಣ. ಕೇರಂ ಎಲ್ಲರಿಗೂ ಗೊತ್ತು ಎಂಬುದು ನಿಜ. ಆದರೆ ಎಲ್ಲರಿಗೂ ಗೊತ್ತಿರುವುದು ಅವರವರ ಮನೆಯ ಕೇರಂ. ಒಂದು ಮನೆಯಲ್ಲಿ ಕಪ್ಪು ಕಾಯಿಗೆ ಹತ್ತು, ಬಿಳಿಗೆ ಇಪ್ಪತ್ತು, ರಾಣಿಗೆ ಐವತ್ತು ಎಂದು ಎಣಿಸುತ್ತಾರೆ. ಯಾರು ಯಾವ ಕಾಯಿಯನ್ನು ಬೇಕಾದರೂ ಹಾಕಬಹುದು. ಇನ್ನೊಂದು ಮನೆಯಲ್ಲಿ ಒಬ್ಬರಿಗೆ ಬಿಳಿ, ಇನ್ನೊಬ್ಬರಿಗೆ ಕಪ್ಪು. ಒಂದು ಮನೆಯಲ್ಲಿ ಹೆಬ್ಬೆರಳಿನಿಂದ ಹೊಡೆದರೆ ಮೋಸ. ಅಂತರರಾಷ್ಟ್ರೀಯ ನಿಯಮದಲ್ಲಿ ಹೆಬ್ಬೆರಳಿಗೆ ಯಾವ ಅಡ್ಡಿಯೂ ಇಲ್ಲ. ಒಂದು ಮನೆಯಲ್ಲಿ ದಂಡದ ಕಾಯಿಯನ್ನು ನಟ್ಟನಡುವೆ ಇಡುತ್ತಾರೆ. ನಿಯಮದ ಪ್ರಕಾರ ಎದುರಾಳಿಯು ಅದನ್ನು ದೊಡ್ಡ ವೃತ್ತದ ಒಳಗೆ ತನಗೆ ಬೇಕಾದ ಕಡೆ ಇಡಬಹುದು. ಮನೆಯೊಳಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಒಂದೇ ಮನೆಯವರು. ಸ್ಪರ್ಧೆಯ ದಿನ ಮೂವತ್ತು ಮನೆಗಳ ಕೇರಂ ಒಂದೇ ಶಾಮಿಯಾನದ ಕೆಳಗೆ ಸೇರುತ್ತದೆ.

ಎರಡನೆಯ ಮಾತಿಗೆ ಉತ್ತರವಾಗಿ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನೇ ಹೇಳುತ್ತೇನೆ. ಏಳನೆಯ ತರಗತಿಯ ಒಬ್ಬ ಹುಡುಗಿ ಬಿಳಿ ಕಾಯಿ ಆಡುತ್ತಿದ್ದಳು. ಬೋರ್ಡಿನ ಮೇಲೆ ಅವಳ ಎರಡು ಬಿಳಿ, ಎದುರಾಳಿಯ ಐದು ಕಪ್ಪು ಮತ್ತು ರಾಣಿ ಉಳಿದಿದ್ದವು. ಅವಳು ಹೊಡೆದ ಒಂದೇ ಹೊಡೆತಕ್ಕೆ ರಾಣಿಯೂ ಒಂದು ಬಿಳಿಯೂ ಒಟ್ಟಿಗೆ ಪಾಕೆಟ್ಟಿಗೆ ಬಿದ್ದವು. ಕೊನೆಯ ಬಿಳಿ ಇನ್ನೊಂದು ಪಾಕೆಟ್ಟಿನ ಬಾಯಲ್ಲೇ ಕುಳಿತಿತ್ತು. ಬೋರ್ಡಿನ ಬಳಿ ನಿಂತಿದ್ದ ಅಂಪೈರ್, 'ಕವರ್ ಬೇರೆ ಹೊಡೆತದಲ್ಲಿ ಆಗಬೇಕು, ಇದು ನಡೆಯುವುದಿಲ್ಲ' ಎಂದು ರಾಣಿಯನ್ನು ತೆಗೆದು ನಡುವೆ ಇಟ್ಟು, ಸರದಿಯನ್ನು ಎದುರಾಳಿಗೆ ಕೊಟ್ಟರು. 'ಅಂಕಲ್, ನಮ್ಮನೇಲಿ ಹಿಂಗಾದ್ರೆ ಕವರ್ ಅಂತಾನೇ ಲೆಕ್ಕ' ಎಂದಳು ಹುಡುಗಿ. 'ಇದು ನಿಮ್ಮನೆ ಅಲ್ಲಮ್ಮ' ಎಂದರು ಅವರು.

ಈಗ ಲೆಕ್ಕ ಹಾಕಿ. ತನ್ನ ಒಂದು ಕಾಯಿಯಾದರೂ ಮೊದಲೇ ಬಿದ್ದಿದ್ದರೆ, ರಾಣಿ ಮತ್ತು ಸ್ವಂತ ಕಾಯಿ ಒಂದೇ ಹೊಡೆತದಲ್ಲಿ ಬಿದ್ದಾಗ ರಾಣಿಯು ಕವರ್ ಆದಂತೆಯೇ ಎಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಸರದಿಯೂ ಅವಳದೇ. ಬಾಯಲ್ಲಿದ್ದ ಕಾಯಿಯನ್ನು ಹಾಕಿದ್ದರೆ ಐದು ಕಪ್ಪಿಗೆ 5, ರಾಣಿಗೆ 3, ಒಟ್ಟು 8 ಅಂಕ ಅವಳಿಗೆ. ಆದದ್ದು ಬೇರೆ. ರಾಣಿ ಬೋರ್ಡಿನ ಮೇಲಿರುವಾಗ ತನ್ನ ಕೊನೆಯ ಕಾಯಿಯನ್ನು ಹಾಕಿದವನು ಬೋರ್ಡನ್ನೇ ಸೋಲುತ್ತಾನೆ. ಆದ್ದರಿಂದ ಆ ಸುಲಭದ ಬಿಳಿಯನ್ನು ಅವಳು ಮುಟ್ಟುವಂತಿರಲಿಲ್ಲ. ಎದುರಾಳಿ ರಾಣಿಯನ್ನು ಹಾಕಿ, ಕವರ್ ಮಾಡಿ, ಉಳಿದವನ್ನೂ ಮುಗಿಸಿದ. ಅವನಿಗೆ ಉಳಿದಿದ್ದ ಒಂದು ಬಿಳಿಗೆ 1, ರಾಣಿಗೆ 3, ಒಟ್ಟು 4 ಅಂಕ. ಒಂದು ಮಾತಿನಿಂದ 12 ಅಂಕಗಳ ವ್ಯತ್ಯಾಸ. ಅಂಪೈರ್ ಪಕ್ಷಪಾತಿಯಾಗಿರಲಿಲ್ಲ, ಅವರು ತಮ್ಮ ಮನೆಯ ನಿಯಮವನ್ನು ಪ್ರಾಮಾಣಿಕವಾಗಿ ಹೇಳಿದ್ದರು. ಪಕ್ಕದ ಬೋರ್ಡಿನಲ್ಲಿ ನಿಂತಿದ್ದ ಅಂಪೈರ್ ಅದೇ ಬೆಳಿಗ್ಗೆ ಅದೇ ಬಗೆಯ ಹೊಡೆತವನ್ನು ಕವರ್ ಎಂದು ಒಪ್ಪಿದ್ದರು. ಅಂಪೈರ್ ಹೇಳಿದ್ದೇ ನಿಯಮವಾದರೆ, ನಾಲ್ಕು ಬೋರ್ಡುಗಳಿಗೆ ನಾಲ್ಕು ನಿಯಮಗಳಾಗುತ್ತವೆ. ಆ ಹುಡುಗಿ ಮರುವರ್ಷ ಹೆಸರು ಕೊಡಲಿಲ್ಲ.

ಹಾಗಾದರೆ ಫೆಡರೇಷನ್ನಿನ ಪುಸ್ತಕವನ್ನೇ ಇಡಬಾರದೇಕೆ? ಅಂತರರಾಷ್ಟ್ರೀಯ ಕೇರಂ ಫೆಡರೇಷನ್ ಚೆನ್ನೈಯಲ್ಲಿ 1988ರಲ್ಲಿ ಸ್ಥಾಪಿತವಾಯಿತು. ಅದರ ನಿಯಮಾವಳಿಯ ಬಗ್ಗೆ ನನಗೆ ಗೌರವವಿದೆ, ಸಂದೇಹ ಬಂದಾಗ ಅದನ್ನೇ ಆಧಾರವಾಗಿ ಹಿಡಿಯಬೇಕು ಎಂಬುದೂ ನನ್ನ ನಿಲುವು. ಆದರೆ ಆ ನಿಯಮಾವಳಿಯ ಹಲವು ಭಾಗಗಳು ಬೋರ್ಡಿನ ಅಳತೆ, ಕುರ್ಚಿ, ದೀಪ, ಉಡುಪು, ಅಂಪೈರನ ಕರ್ತವ್ಯ ಇವುಗಳಿಗೆ ಸಂಬಂಧಿಸಿದವು. ಜಗಳದ ನಡುವೆ ನಿಂತು ಯಾರೂ ಅದನ್ನು ಓದಲಾರರು. ಇನ್ನೊಂದು ಕಾರಣವೂ ಇದೆ: ಅದರಂತೆ ಆಡಿಸಲು ನಮಗೆ ಸಮಯವೇ ಇಲ್ಲ. ಅಲ್ಲಿ ಒಂದು ಗೇಮ್ ಎಂದರೆ 25 ಅಂಕ ಅಥವಾ 8 ಬೋರ್ಡು, ಯಾವುದು ಮೊದಲೋ ಅದು. ಪಂದ್ಯವೆಂದರೆ ಮೂರರಲ್ಲಿ ಎರಡು ಗೇಮ್. (ಒಂದು ಬಾರಿ ಕಾಯಿ ಜೋಡಿಸಿ ಮುಗಿಸುವುದನ್ನೂ 'ಬೋರ್ಡು' ಎಂದೇ ಕರೆಯುತ್ತಾರೆ.) ನಮ್ಮಲ್ಲಿ 32 ಮಂದಿ ಹೆಸರು ಕೊಡುತ್ತಾರೆ, ನಾಲ್ಕು ಬೋರ್ಡುಗಳಿವೆ. ಮೊದಲ ಸುತ್ತಿನ 16 ಪಂದ್ಯಗಳಿಗೆ ನಾಲ್ಕು ಸರದಿ, ಎರಡನೆಯ ಸುತ್ತಿಗೆ ಎರಡು, ಮುಂದಿನ ಮೂರು ಸುತ್ತುಗಳಿಗೆ ಒಂದೊಂದು, ಹೀಗೆ ಒಟ್ಟು ಒಂಬತ್ತು ಸರದಿ. ಒಂದು ಬೋರ್ಡಿಗೆ ಐದು ನಿಮಿಷವೆಂದು ಹಿಡಿದರೂ 24 ಬೋರ್ಡುಗಳ ಪೂರ್ಣ ಪಂದ್ಯಕ್ಕೆ ಎರಡು ಗಂಟೆ. ಒಂಬತ್ತು ಸರದಿಗೆ ಹದಿನೆಂಟು ಗಂಟೆ. ಅದೇ ಒಂದು ಪಂದ್ಯಕ್ಕೆ ನಾಲ್ಕೇ ಬೋರ್ಡು, ನಲವತ್ತು ನಿಮಿಷ ಎಂದರೆ ಆರು ಗಂಟೆಗಳಲ್ಲಿ ಮುಗಿಯುತ್ತದೆ. ನಾವು ನಿಯಮವನ್ನು ಮೊಟಕುಗೊಳಿಸಲೇಬೇಕು. ಎಲ್ಲಿ ಮೊಟಕುಗೊಳಿಸಿದ್ದೇವೆ ಎಂಬುದನ್ನು ಮೊದಲೇ ಬರೆದಿಡದಿದ್ದರೆ, ಹೊತ್ತು ಮೀರಿದಾಗ ಮುಂದಿರುವವನು 'ಸಮಯ ಆಯಿತು' ಎನ್ನುತ್ತಾನೆ, ಹಿಂದಿರುವವನು 'ಬೋರ್ಡು ಮುಗಿಯಲಿ' ಎನ್ನುತ್ತಾನೆ.

ಆದ್ದರಿಂದ ಹಾಳೆ ಬೇಕು, ಅದು ಒಂದೇ ಇರಬೇಕು. ಅದರಲ್ಲಿ ಕೇರಂ ಆಡುವುದು ಹೇಗೆ ಎಂದು ಬರೆಯುವ ಅಗತ್ಯವಿಲ್ಲ. ಮನೆಮನೆಗೆ ಬೇರೆಯಾಗುವ ಸಂಗತಿಗಳನ್ನು ಮಾತ್ರ ಬರೆಯಬೇಕು. ಪ್ರತಿ ಸಾಲೂ 'ಹೀಗಾದರೆ ಹೀಗೆ' ಎಂದು ಇರಬೇಕು. 'ಕ್ರೀಡಾ ಮನೋಭಾವದಿಂದ ಆಡತಕ್ಕದ್ದು' ಎಂಬಂಥ ಸಾಲುಗಳಿಗೆ ಅಲ್ಲಿ ಜಾಗವಿಲ್ಲ, ಅವು ಯಾವ ತಕರಾರನ್ನೂ ಬಗೆಹರಿಸುವುದಿಲ್ಲ.

ಹೀಗೆ ಬರೆಯುವಾಗ ಅತ್ಯಂತ ಎಚ್ಚರ ಬೇಕಾದದ್ದು ಸ್ಟ್ರೈಕರ್ ಬಿದ್ದಾಗಿನ ದಂಡದ ವಿಷಯದಲ್ಲಿ. 'ಸ್ಟ್ರೈಕರ್ ಬಿದ್ದರೆ ಒಂದು ಕಾಯಿ ದಂಡ' ಎಂದಷ್ಟೇ ಬರೆದವರನ್ನು ಕಂಡಿದ್ದೇನೆ. ಅದು ಅರ್ಧ ನಿಯಮ. ಸ್ಟ್ರೈಕರ್ ಒಂದೇ ಬಿದ್ದರೆ ಒಂದು ಕಾಯಿ ಹೊರಬರುತ್ತದೆ, ಸರದಿಯೂ ಹೋಗುತ್ತದೆ. ಸ್ಟ್ರೈಕರ್ ಜೊತೆಗೆ ಸ್ವಂತ ಕಾಯಿಯೂ ಬಿದ್ದರೆ, ಬಿದ್ದ ಆ ಕಾಯಿಯೂ ದಂಡದ ಇನ್ನೊಂದು ಕಾಯಿಯೂ ಹೊರಬರುತ್ತವೆ, ಆದರೆ ಸರದಿ ಉಳಿಯುತ್ತದೆ. ಮೂರು ಬಿಳಿ ಉಳಿಸಿಕೊಂಡವನು ಸ್ಟ್ರೈಕರ್ ಸಹಿತ ಒಂದನ್ನು ಹಾಕಿದನೆನ್ನಿ. ನಿಯಮದಂತೆ ಅವನಿಗೆ ಬೋರ್ಡಿನ ಮೇಲೆ ನಾಲ್ಕು ಕಾಯಿ, ಕೈಯಲ್ಲಿ ಸ್ಟ್ರೈಕರ್. ಅರ್ಧ ನಿಯಮವನ್ನು ಓದಿದ ಅಂಪೈರ್ ಒಂದೇ ಕಾಯಿ ತೆಗೆದು, ಮೂರು ಕಾಯಿಗೆ ನಿಲ್ಲಿಸಿ, ಸರದಿಯನ್ನೂ ಕಿತ್ತುಕೊಳ್ಳುತ್ತಾರೆ. ಎರಡೂ ಕಡೆಯವರಿಗೆ ಅನ್ಯಾಯವಾಯಿತೆಂದು ಅನ್ನಿಸುವುದು ಇಲ್ಲಿಯೇ.

ನಾನು ಈ ವರ್ಷಕ್ಕೆಂದು ಬರೆದ ಹಾಳೆ ಹೀಗಿದೆ. ಬೇಕಾದವರು ನಕಲು ಮಾಡಿಕೊಳ್ಳಬಹುದು.

1. ಒಬ್ಬರಿಗೆ ಬಿಳಿ, ಒಬ್ಬರಿಗೆ ಕಪ್ಪು. ಬಿಳಿಯವರು ಮೊದಲು ಹೊಡೆಯಬೇಕು. ಪ್ರತಿ ಬೋರ್ಡಿಗೂ ಬಣ್ಣ ಬದಲಾಗುತ್ತದೆ.
2. ಹೆಬ್ಬೆರಳೂ ಸೇರಿ ಯಾವ ಬೆರಳಿನಿಂದಲೂ ಹೊಡೆಯಬಹುದು. ಸ್ಟ್ರೈಕರನ್ನು ಹೊಡೆಯಬೇಕು, ತಳ್ಳಬಾರದು.
3. ತನ್ನ ಒಂದು ಕಾಯಿ ಬಿದ್ದ ಮೇಲೆಯೇ ರಾಣಿಯನ್ನು ಹಾಕಬಹುದು. ಅದೇ ಹೊಡೆತದಲ್ಲಿ ಅಥವಾ ಮರುಹೊಡೆತದಲ್ಲಿ ತನ್ನ ಕಾಯಿ ಬಿದ್ದರೆ ಕವರ್. ಇಲ್ಲವಾದರೆ ರಾಣಿ ನಡುವಿಗೆ.
4. ಸ್ಟ್ರೈಕರ್ ಮಾತ್ರ ಬಿದ್ದರೆ: ಒಂದು ಕಾಯಿ ಹೊರಗೆ, ಸರದಿ ಇಲ್ಲ. ಸ್ವಂತ ಕಾಯಿಯೊಡನೆ ಬಿದ್ದರೆ: ಆ ಕಾಯಿ ಮತ್ತು ಇನ್ನೊಂದು ಹೊರಗೆ, ಸರದಿ ಉಂಟು. ದಂಡಕ್ಕೆ ಕಾಯಿ ಇಲ್ಲದಿದ್ದರೆ ಬಾಕಿ ಉಳಿಯುತ್ತದೆ.
5. ದಂಡದ ಕಾಯಿಯನ್ನು ಎದುರಾಳಿ ದೊಡ್ಡ ವೃತ್ತದೊಳಗೆ ಇಡುತ್ತಾರೆ.
6. ಎದುರಾಳಿಯ ಕಾಯಿ ಮಾತ್ರ ಬಿದ್ದರೆ ಅದು ಅವರದೇ, ಸರದಿ ಹೋಗುತ್ತದೆ.
7. ರಾಣಿ ಬೋರ್ಡಿನ ಮೇಲಿರುವಾಗ ತನ್ನ ಕೊನೆಯ ಕಾಯಿ ಹಾಕಿದವರು ಬೋರ್ಡು ಸೋತಂತೆ.
8. ಗೆದ್ದವರಿಗೆ ಎದುರಾಳಿಯ ಉಳಿದ ಪ್ರತಿ ಕಾಯಿಗೆ 1 ಅಂಕ. ರಾಣಿಯನ್ನು ಗೆದ್ದವರೇ ಕವರ್ ಮಾಡಿದ್ದರೆ 3. ಸೋತವರು ಕವರ್ ಮಾಡಿದ್ದರೆ ರಾಣಿಯ ಅಂಕ ಯಾರಿಗೂ ಇಲ್ಲ.
9. ನಮ್ಮ ಬದಲಾವಣೆ: ಒಂದು ಪಂದ್ಯ ನಾಲ್ಕು ಬೋರ್ಡು ಅಥವಾ 25 ಅಂಕ. 40 ನಿಮಿಷವಾದಾಗ ನಡೆಯುತ್ತಿರುವ ಬೋರ್ಡೇ ಕೊನೆಯದು. ಅಂಕ ಸಮವಾದರೆ ಇನ್ನೊಂದು ಬೋರ್ಡು.

ಒಂಬತ್ತನೆಯ ಸಾಲಿನ ಕೆಳಗೆ ನಾಲ್ಕು ಬೆರಳಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಹಾಳೆಯಲ್ಲಿಲ್ಲದ ಸಂಗತಿ ಎದುರಾದರೆ ಅಂಪೈರ್ ತೀರ್ಮಾನಿಸಲಿ, ಅದು ಅವರ ಹಕ್ಕು. ಆದರೆ ತೀರ್ಮಾನಿಸಿದ್ದನ್ನು ಆ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆದು, ಉಳಿದ ಮೂರು ಬೋರ್ಡುಗಳ ಹಾಳೆಯಲ್ಲೂ ಬರೆಸಬೇಕು. ಆ ಕ್ಷಣದಿಂದ ಅದು ಎಲ್ಲರಿಗೂ ನಿಯಮ. ಬರೆಯಲು ಒಪ್ಪದ ಅಂಪೈರ್, ಮುಂದಿನ ಪಂದ್ಯದಲ್ಲಿ ಬೇರೆ ಮಾತು ಹೇಳುವ ಅನುಕೂಲವನ್ನು ತನಗೆ ಉಳಿಸಿಕೊಳ್ಳುತ್ತಿದ್ದಾನೆ ಎಂದೇ ಅರ್ಥ.

'ಇಷ್ಟೆಲ್ಲ ಕಾಗದ ಕಂಡರೆ ಮಕ್ಕಳು ಹೆದರುತ್ತಾರೆ' ಎಂದು ಸಭೆಯಲ್ಲಿ ಹಿರಿಯರೊಬ್ಬರು ಹೇಳಿದರು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳೊಡನೆ ಕಳೆದವನು. ಮಕ್ಕಳು ಬರೆದ ನಿಯಮಕ್ಕೆ ಹೆದರಿದ್ದನ್ನು ನಾನು ಕಂಡಿಲ್ಲ. ದೊಡ್ಡವರು ಆಟದ ನಡುವೆ ನೆನಪಿಸಿಕೊಳ್ಳುವ ನಿಯಮಕ್ಕೆ ಹೆದರುತ್ತಾರೆ. ಹಾಳೆಯನ್ನು ಹೆಸರು ಕೊಡುವ ದಿನವೇ ಅವರ ಕೈಗೆ ಕೊಡಿ, ಸ್ಪರ್ಧೆಯ ಬೆಳಿಗ್ಗೆ ಅಲ್ಲ. ಮೂರನೆಯ ಮತ್ತು ನಾಲ್ಕನೆಯ ಸಾಲುಗಳನ್ನು ಅವರು ಮನೆಯಲ್ಲಿ ಒಮ್ಮೆ ಬೋರ್ಡಿನ ಮೇಲೆ ಆಡಿ ನೋಡಿಕೊಂಡು ಬರಲಿ.