‘ಶುಗರ್ ಫ್ರೀ’ ಅಂದ್ರೆ ಉಪ್ಪೂ ಕಡಿಮೆ ಅಂತಲ್ಲ!

ಬಿಸ್ಕತ್ತಿನ ಪೊಟ್ಟಣದ ಮುಂಬದಿಯಲ್ಲಿ ಏನು ಬರೆಯಬೇಕು ಅನ್ನೋ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ ಅಂದ್ರೆ ನಂಬ್ತೀರಾ? ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿಂಡಿಗಳ ಪೊಟ್ಟಣದ ಎದುರಿಗೇ ಎಚ್ಚರಿಕೆ ಇರಬೇಕು ಎಂಬ ಅರ್ಜಿಯ ಮೇಲೆ 2025ರ ಏಪ್ರಿಲ್‌ನಲ್ಲಿ ಕೋರ್ಟ್, ಮೂರು ತಿಂಗಳೊಳಗೆ ತಜ್ಞರ ಸಮಿತಿ ತನ್ನ ಶಿಫಾರಸು ಕೊಡಬೇಕು ಎಂದು ಹೇಳಿತ್ತು. ಅದಕ್ಕೂ ಮೊದಲು, 2022ರಲ್ಲಿ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ತಿಂಡಿಗಳಿಗೆ ಅರ್ಧದಿಂದ ಐದರವರೆಗೆ ನಕ್ಷತ್ರ ಕೊಡುವ ಕರಡು ನಿಯಮ ತಂದಿತ್ತು. 2024ರ ಜುಲೈನಲ್ಲಿ ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬಿನ ಲೆಕ್ಕವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು ಎಂಬ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು.

ನಕ್ಷತ್ರವೋ, ಎಚ್ಚರಿಕೆಯೋ, ದಪ್ಪಕ್ಷರವೋ? ಇದರಲ್ಲಿ ನಮಗೇನು ವ್ಯತ್ಯಾಸ ಅಂತೀರಾ? ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಒಬ್ಬರಿದ್ದರೆ ತುಂಬಾನೇ ವ್ಯತ್ಯಾಸ ಇದೆ. ಈಗ ಇಲ್ಲದ ಮನೆ ಎಲ್ಲಿದೆ ಹೇಳಿ? ಐಸಿಎಂಆರ್ ಅಧ್ಯಯನವೊಂದು 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಮಧುಮೇಹವಿದೆ.

ಎರಡು ಫೋಟೊ, ಒಂದು ಪ್ರಶ್ನೆ

ನನ್ನ ಗೆಳತಿಯೊಬ್ಬಳ ಅತ್ತೆಗೆ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಬೆಳಿಗ್ಗೆ, ಸಂಜೆ ಕಾಫಿ ಜೊತೆ ಬಿಸ್ಕತ್ತು ಬೇಕೇ ಬೇಕು. ನಾದಿನಿ ಅಂಗಡಿಯಲ್ಲಿ ನಿಂತು ಎರಡು ಪೊಟ್ಟಣಗಳ ಹಿಂಬದಿಯ ಫೋಟೊ ತೆಗೆದು ಮೊಬೈಲಿಗೆ ಕಳಿಸಿದಳು. “ಅತ್ತಿಗೆ, ಅಮ್ಮನಿಗೆ ಶುಗರ್ ಫ್ರೀನೇ ತರ್ತೀನಿ ಅಲ್ವಾ? ಸಕ್ಕರೆ ಏನೂ ಇಲ್ಲ ನೋಡಿ” ಅಂತ ಕೇಳಿದಳು. ಗೆಳತಿ ಆ ಫೋಟೊಗಳನ್ನು ನನಗೂ ಕಳಿಸಿದಳು. ಒಂದು ಗೋಧಿ ತವುಡು ಹಾಕಿದ ಡೈಜೆಸ್ಟಿವ್ ಬಿಸ್ಕತ್ತು, ಇನ್ನೊಂದು ‘ಶುಗರ್ ಫ್ರೀ’ ಎಂದು ಬರೆದ ಖಾರ ಬಿಸ್ಕತ್ತು.

ಮೊದಲ ನೋಟಕ್ಕೆ ಉತ್ತರ ಸುಲಭ. ಡೈಜೆಸ್ಟಿವ್‌ನಲ್ಲಿ ಸಕ್ಕರೆ 17 ಗ್ರಾಂ, ಶುಗರ್ ಫ್ರೀಯಲ್ಲಿ 0.6 ಗ್ರಾಂ. ಸೋಡಿಯಂ ಡೈಜೆಸ್ಟಿವ್‌ನಲ್ಲಿ 420 ಮಿಲಿಗ್ರಾಂ, ಶುಗರ್ ಫ್ರೀಯಲ್ಲಿ 255. ಎರಡರಲ್ಲೂ ಶುಗರ್ ಫ್ರೀಯೇ ಗೆದ್ದ ಹಾಗೆ ಕಾಣುತ್ತೆ. ಆದರೆ ಫೋಟೊವನ್ನು ದೊಡ್ಡದು ಮಾಡಿ, ಅಂಕಿಗಳ ತಲೆಯ ಮೇಲಿನ ಸಾಲು ನೋಡಿ. ಡೈಜೆಸ್ಟಿವ್‌ದು ‘100 ಗ್ರಾಂಗೆ’. ಇನ್ನೊಂದರ ಫೋಟೊದಲ್ಲಿ ಸಿಕ್ಕಿರುವುದು ‘ಒಂದು ಸರ್ವಿಂಗ್‌ಗೆ’ ಎಂಬ ಕಂಬಸಾಲು ಮಾತ್ರ, ಅಂದರೆ 30 ಗ್ರಾಂಗೆ! ಒಂದು ಅಂಗಡಿಯಲ್ಲಿ ಕಿಲೋ ಬೆಲೆ, ಇನ್ನೊಂದರಲ್ಲಿ ಕಾಲು ಕಿಲೋ ಬೆಲೆ ಕೇಳಿ ಹೋಲಿಸಿದ ಹಾಗಾಯ್ತು.

ಒಂದೇ ತಕ್ಕಡಿಗೆ ಹಾಕೋಣ

ಲೆಕ್ಕ ಕಷ್ಟವಿಲ್ಲ. ಅಂಕಿಯನ್ನು 30ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸಾಕು. 255 ಮಿಲಿಗ್ರಾಂ ಸೋಡಿಯಂ 850 ಆಗುತ್ತೆ, 0.6 ಗ್ರಾಂ ಸಕ್ಕರೆ 2 ಗ್ರಾಂ ಆಗುತ್ತೆ, 19.8 ಗ್ರಾಂ ಕಾರ್ಬೋಹೈಡ್ರೇಟ್ 66 ಆಗುತ್ತೆ. ಈಗ 100 ಗ್ರಾಂ ಲೆಕ್ಕದಲ್ಲಿ ಚಿತ್ರ ಹೀಗಿದೆ:

ಡೈಜೆಸ್ಟಿವ್: ಕಾರ್ಬೋಹೈಡ್ರೇಟ್ 68 ಗ್ರಾಂ, ಅದರಲ್ಲಿ ಸಕ್ಕರೆ 17 ಗ್ರಾಂ, ಸೋಡಿಯಂ 420 ಮಿ.ಗ್ರಾಂ.
ಶುಗರ್ ಫ್ರೀ: ಕಾರ್ಬೋಹೈಡ್ರೇಟ್ 66 ಗ್ರಾಂ, ಅದರಲ್ಲಿ ಸಕ್ಕರೆ 2 ಗ್ರಾಂ, ಸೋಡಿಯಂ 850 ಮಿ.ಗ್ರಾಂ.

ಸಕ್ಕರೆಯಲ್ಲಿ ಶುಗರ್ ಫ್ರೀಯೇ ಮುಂದೆ, ಆದರೆ ಉಪ್ಪು ದುಪ್ಪಟ್ಟು! ಇನ್ನೊಂದು ವಿಷಯ ಗಮನಿಸಿದಿರಾ? ನಿಯಮದ ಪ್ರಕಾರ ‘ಶುಗರ್ ಫ್ರೀ’ ಅನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ ಅರ್ಧ ಗ್ರಾಂ ದಾಟಬಾರದು. ಇಲ್ಲಿ 2 ಗ್ರಾಂ ಇದೆ. ಹೆಚ್ಚೆಂದರೆ ‘ಕಡಿಮೆ ಸಕ್ಕರೆ’ ಅನ್ನಬಹುದು, ಅದಕ್ಕೆ ಮಿತಿ 5 ಗ್ರಾಂ. ‘ಕಡಿಮೆ ಸೋಡಿಯಂ’ ಅನ್ನೋಕೆ ಮಿತಿ 120 ಮಿಲಿಗ್ರಾಂ. ಈ ಎರಡು ಬಿಸ್ಕತ್ತುಗಳೂ ಅದರ ಹತ್ತಿರಕ್ಕೂ ಬರಲ್ಲ.

ಸಕ್ಕರೆಯ ಸಾಲು ಮಾತ್ರ ಸಾಲದು

ಈಗ ಕಾರ್ಬೋಹೈಡ್ರೇಟ್ ಸಾಲಿಗೆ ಬನ್ನಿ. 68 ಮತ್ತು 66, ಹೆಚ್ಚುಕಡಿಮೆ ಸಮ. ಮೈದಾದಲ್ಲಿರುವ ಪಿಷ್ಟವೂ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಸಕ್ಕರೆ ತೆಗೆದು ಆ ಜಾಗಕ್ಕೆ ಮೈದಾ ತುಂಬಿದರೆ ರಕ್ತದ ಸಕ್ಕರೆಗೆ ಹೆಚ್ಚೇನೂ ಲಾಭವಿಲ್ಲ.

ಇದು ಖಾತ್ರಿಯಾಗಬೇಕಾದರೆ ಪದಾರ್ಥಗಳ ಪಟ್ಟಿ ಓದಿ. ಅದರಲ್ಲಿ ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು ಅನ್ನೋದು ನಿಯಮ. ನಾದಿನಿ ಕಳಿಸಿದ ಶುಗರ್ ಫ್ರೀ ಪಟ್ಟಿಯಲ್ಲಿ ಮೊದಲು ಮೈದಾ, ಆಮೇಲೆ ಎಣ್ಣೆ, ಮೂರನೆಯದು ಮಾಲ್ಟೋಡೆಕ್ಸ್‌ಟ್ರಿನ್. ಈ ಕೊನೆಯ ಹೆಸರು ನೆನಪಿಟ್ಟುಕೊಳ್ಳಿ. ಇದು ಪಿಷ್ಟದಿಂದ ತಯಾರಿಸುವ ಪುಡಿ. ಲೇಬಲ್ಲಿನ ಸಕ್ಕರೆಯ ಸಾಲಿನಲ್ಲಿ ಇದು ಬಹುಪಾಲು ಲೆಕ್ಕಕ್ಕೆ ಬರುವುದಿಲ್ಲ, ಆದರೆ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಗ್ಲೂಕೋಸಿನ ಹಾಗೇ ಏರಿಸುತ್ತದೆ. ಡೈಜೆಸ್ಟಿವ್‌ನಲ್ಲೂ ಮೊದಲು ಮೈದಾನೇ ಇದೆ, ಹೆಸರು ನೋಡಿ ಮರುಳಾಗುವ ಹಾಗಿಲ್ಲ. ಅದರ ಜೊತೆ ಗೋಧಿ ತವುಡು ಇರೋದರಿಂದ ಸ್ವಲ್ಪ ನಾರು ಸಿಗುತ್ತೆ, ಅಷ್ಟೇ.

ಅತ್ತೆಯ ತಟ್ಟೆಯಲ್ಲಿ ಎಷ್ಟು?

100 ಗ್ರಾಂ ಲೆಕ್ಕ ಹೋಲಿಕೆಗೆ ಮಾತ್ರ. ಯಾರೂ 100 ಗ್ರಾಂ ತಿನ್ನಲ್ಲ. ಪೊಟ್ಟಣದ ತೂಕವನ್ನು ಒಳಗಿರುವ ಬಿಸ್ಕತ್ತುಗಳ ಸಂಖ್ಯೆಯಿಂದ ಭಾಗಿಸಿ. ಡೈಜೆಸ್ಟಿವ್ 100 ಗ್ರಾಂಗೆ 8 ಇದ್ದವು, ಅಂದರೆ ಒಂದು ಹನ್ನೆರಡೂವರೆ ಗ್ರಾಂ. ಖಾರ ಬಿಸ್ಕತ್ತು 150 ಗ್ರಾಂಗೆ 25, ಒಂದು 6 ಗ್ರಾಂ. ಅತ್ತೆ ಡೈಜೆಸ್ಟಿವ್ ಆದರೆ ಎರಡಕ್ಕೆ ನಿಲ್ಲಿಸ್ತಾರೆ. ತೆಳ್ಳಗಿನ ಖಾರ ಬಿಸ್ಕತ್ತು ಆದರೆ “ಶುಗರ್ ಫ್ರೀ ತಾನೇ” ಅಂತ ಐದು ಖಾಲಿ ಮಾಡ್ತಾರೆ.

ಎರಡು ಡೈಜೆಸ್ಟಿವ್‌ನಿಂದ ಅವರಿಗೆ ಸಿಗೋದು 17 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲಿ ಸಕ್ಕರೆ ನಾಲ್ಕು ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಂದರೆ ಒಂದು ಟೀ ಚಮಚದ ಹತ್ತಿರ. ಸೋಡಿಯಂ 105 ಮಿಲಿಗ್ರಾಂ. ಐದು ಖಾರ ಬಿಸ್ಕತ್ತಿನಿಂದ ಕಾರ್ಬೋಹೈಡ್ರೇಟ್ 20 ಗ್ರಾಂ, ಸಕ್ಕರೆ ಅರ್ಧ ಗ್ರಾಂ ಚಿಲ್ಲರೆ, ಸೋಡಿಯಂ 255.

ಸೋಡಿಯಂ ಅಂದ್ರೆ ಪೂರ್ತಿ ಉಪ್ಪಲ್ಲ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತೆ. ಖಾರ ಬಿಸ್ಕತ್ತನ್ನು ದಿನಕ್ಕೆ ಎರಡು ಸಲ ತಿಂದರೆ ಹತ್ತಿರ ಹತ್ತಿರ 1.3 ಗ್ರಾಂ ಉಪ್ಪು. ದೊಡ್ಡವರಿಗೆ ದಿನಕ್ಕೆ ಒಟ್ಟು 5 ಗ್ರಾಂ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರು, ಪಲ್ಯ, ಉಪ್ಪಿನಕಾಯಿ ಲೆಕ್ಕಕ್ಕೆ ಬರುವ ಮೊದಲೇ ಕಾಲು ಭಾಗ ಬಿಸ್ಕತ್ತಿಗೇ ಮುಗೀತು! ಡೈಜೆಸ್ಟಿವ್ ಆದರೆ ಎರಡು ಸಲಕ್ಕೂ ಸೇರಿ ಅರ್ಧ ಗ್ರಾಂ.

ಹಾಗಾಗಿ ಬಿಪಿ ಇರುವ ಈ ಅತ್ತೆಗೆ ಶುಗರ್ ಫ್ರೀ ಒಳ್ಳೆಯ ಆಯ್ಕೆ ಅಲ್ಲ. ಹಾಗಂತ ಡೈಜೆಸ್ಟಿವ್‌ಗೂ ಸರ್ಟಿಫಿಕೇಟ್ ಕೊಡೋ ಹಾಗಿಲ್ಲ, ದಿನಕ್ಕೆರಡು ಸಲ ಅಂದರೆ ಎರಡು ಚಮಚ ಸಕ್ಕರೆ ಆಯ್ತು. ಬೆಳಿಗ್ಗೆ ಎರಡು ಡೈಜೆಸ್ಟಿವ್ ಕೊಟ್ಟು, ಸಂಜೆ ಒಂದು ಹಿಡಿ ಉಪ್ಪಿಲ್ಲದ ಹುರಿಗಡಲೆ ಕೊಡು ಅಂತ ಗೆಳತಿಗೆ ಹೇಳಿದೆ. ಇಷ್ಟಾದರೂ ಅನುಮಾನ ಇದ್ದರೆ ಮನೆಯಲ್ಲೇ ಗ್ಲೂಕೋಮೀಟರ್ ಇದೆಯಲ್ಲ. ಒಂದು ದಿನ ಇದನ್ನು, ಇನ್ನೊಂದು ದಿನ ಅದನ್ನು, ಅದೇ ಹೊತ್ತಿಗೆ, ಅಷ್ಟೇ ತೂಕ ಕೊಟ್ಟು, ತಿನ್ನುವ ಮೊದಲು ಮತ್ತು ತಿಂದ ಎರಡು ಗಂಟೆಯ ನಂತರ ನೋಡಿ ಬರೆದಿಡಿ. ಡಾಕ್ಟರಿಗೆ ತೋರಿಸೋಕೂ ಅನುಕೂಲ.

ನಕ್ಷತ್ರಕ್ಕಿಂತ ಎಚ್ಚರಿಕೆ ಏಕೆ ವಾಸಿ?

ಈಗ ಮತ್ತೆ ಕೋರ್ಟಿನ ವಿಷಯಕ್ಕೆ ಬರೋಣ. ನಕ್ಷತ್ರದ ಪದ್ಧತಿಯಲ್ಲಿ ಸಕ್ಕರೆ, ಉಪ್ಪು, ಕೊಬ್ಬಿಗೆ ಅಂಕ ಕಳೆದು, ನಾರು, ಪ್ರೋಟೀನ್‌ನಂಥದ್ದಕ್ಕೆ ಅಂಕ ಸೇರಿಸಿ ಕೊನೆಗೆ ಒಂದೇ ಗುರುತು ಕೊಡ್ತಾರೆ. ನಮ್ಮ ಎರಡು ಬಿಸ್ಕತ್ತುಗಳಿಗೂ ಒಂದೇ ಸಂಖ್ಯೆಯ ನಕ್ಷತ್ರ ಬಂದುಬಿಡಬಹುದು. ಒಂದರಲ್ಲಿ ಸಕ್ಕರೆ ಜಾಸ್ತಿ, ಇನ್ನೊಂದರಲ್ಲಿ ಉಪ್ಪು ಜಾಸ್ತಿ ಅನ್ನೋ ಮುಖ್ಯ ಸಂಗತಿ ಅದರೊಳಗೆ ಮುಚ್ಚಿಹೋಗುತ್ತೆ. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆಗೆ ಬೇರೆ, ಉಪ್ಪಿಗೆ ಬೇರೆ ಎಂದು ಎಂಟು ಮೂಲೆಯ ಕಪ್ಪು ಗುರುತು ಹಾಕ್ತಾರೆ. ಅಂಥದ್ದು ಇದ್ದರೆ ನಾದಿನಿಗೆ ಅಂಗಡಿಯಲ್ಲೇ ಗೊತ್ತಾಗಿಬಿಡುತ್ತಿತ್ತು.

ಆದರೆ ಅದಕ್ಕೂ ಮಿತಿ ಇದೆ. ಸಕ್ಕರೆಯ ಕಪ್ಪು ಗುರುತು ಮೈದಾವನ್ನು, ಮಾಲ್ಟೋಡೆಕ್ಸ್‌ಟ್ರಿನ್ ಅನ್ನು ಹಿಡಿಯಲ್ಲ. ಮುಂಬದಿಯಲ್ಲಿ ಏನೇ ಬಂದರೂ ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಪೊಟ್ಟಣ ತಿರುಗಿಸಿ ನೋಡುವುದು ತಪ್ಪಲ್ಲ.

ಫೋಟೊ ನೋಡಿ ಆರಿಸುವಾಗ

* ಫೋಟೊದಲ್ಲಿ ‘100 ಗ್ರಾಂಗೆ’ ಎಂಬ ತಲೆಸಾಲು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ ಮೂರೂ ಇರಲಿ. ಇಲ್ಲದಿದ್ದರೆ ಇನ್ನೊಂದು ಕಳಿಸಲು ಹೇಳಿ.

* ಪೊಟ್ಟಣದ ಮಡಿಕೆಯಲ್ಲಿ, ಬೆಳಕಿನ ಹೊಳಪಿನಲ್ಲಿ ಚುಕ್ಕಿ ಕಾಣದೇ ಹೋಗಬಹುದು. ಸಕ್ಕರೆ 1.7 ಇದೆಯೋ 17 ಇದೆಯೋ ಅನುಮಾನ ಬಂದರೆ ಪದಾರ್ಥಗಳ ಪಟ್ಟಿ ನೋಡಿ. ಎರಡನೆಯದೋ ಮೂರನೆಯದೋ ಸಕ್ಕರೆಯೇ ಆಗಿದ್ದರೆ 1.7 ಇರಲಾರದು.

* ಸೋಡಿಯಂ ಗ್ರಾಂನಲ್ಲಿದೆಯೋ ಮಿಲಿಗ್ರಾಂನಲ್ಲಿದೆಯೋ ನೋಡಿ. 0.42 ಗ್ರಾಂ, 420 ಮಿಲಿಗ್ರಾಂ ಎರಡೂ ಒಂದೇ.

* ಲೇಬಲ್ಲಿನ ಶೇಕಡಾ ಲೆಕ್ಕ ದಿನಕ್ಕೆ 50 ಗ್ರಾಂ ಸೇರಿಸಿದ ಸಕ್ಕರೆ ತಿನ್ನಬಹುದಾದ ಆರೋಗ್ಯವಂತರಿಗೆ ಹಾಕಿದ್ದು. ಮಧುಮೇಹಿಗಳಿಗೆ ಅದು ಅಳತೆಗೋಲಲ್ಲ.

* ಇನ್ಸುಲಿನ್ ಅಥವಾ ಮಾತ್ರೆಯಿಂದ ಸಕ್ಕರೆ ಇಳಿದು ಬೆವರಿ, ನಡುಗಿದಾಗ ಬಿಸ್ಕತ್ತು ಕೊಡಬೇಡಿ. ನುಂಗುವಷ್ಟು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕರಗಿಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

* ಮೂತ್ರಪಿಂಡದ ತೊಂದರೆಯೂ ಇದ್ದರೆ ಉಪ್ಪಿನ ಮಿತಿ ಎಷ್ಟು ಅಂತ ಡಾಕ್ಟರನ್ನೇ ಕೇಳಿ.